ಲಾಟ್ ನಂಬರ್ 118: ಬಣ್ಣ ಬಿಟ್ಟ ನೂಲಿನ ಬಗ್ಗೆ ಒಂದು ದೂರುಪತ್ರ

ಕೊಂಡ ಸರಕಿನಲ್ಲಿ ದೋಷ ಕಂಡಾಗ ಸರಬರಾಜುದಾರರಿಗೆ ಬರೆಯುವ ಪತ್ರ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಕೆಟ್ಟಿರುವುದು ಯಾವ ಮಾಲು, ಅದು ಕೆಟ್ಟಿದೆ ಎಂದು ಗೊತ್ತಾದದ್ದು ಹೇಗೆ, ಅದಕ್ಕೆ ಬದಲಾಗಿ ಬೇಕಾಗಿರುವುದು ಏನು. ಮೂರರಲ್ಲಿ ಹೆಚ್ಚಿನ ಪತ್ರಗಳು ಸೋಲುವುದು ಮೊದಲನೆಯದರಲ್ಲೇ. ಸಿಟ್ಟು, ನಷ್ಟ, ಹಳೆಯ ವಿಶ್ವಾಸ ಎಲ್ಲವೂ ಪತ್ರದಲ್ಲಿರುತ್ತವೆ. ಕೆಟ್ಟ ಮಾಲು ಇವರೇ ಕಳಿಸಿದ ಇಂಥ ಲಾಟಿನದು ಎಂದು ತೋರಿಸುವ ಎಳೆ ಮಾತ್ರ ಇರುವುದಿಲ್ಲ. ಆ ಎಳೆ ಪತ್ರ ಬರೆಯಲು ಕುಳಿತಾಗ ಸಿಗುವಂಥದ್ದಲ್ಲ. ದೋಷ ಕಂಡ ಮೊದಲ ಒಂದೆರಡು ಗಂಟೆಗಳಲ್ಲಿ ಕಾರ್ಖಾನೆಯಲ್ಲಿ ಏನು ಮಾಡಿದರು, ಏನು ಮಾಡಲಿಲ್ಲ ಎಂಬುದರ ಮೇಲೆ ಅದು ನಿಂತಿರುತ್ತದೆ.

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ವಿದ್ಯುತ್ ಮಗ್ಗಗಳ ಊರು. ಅಲ್ಲಿನಂಥ ಒಂದು ಸಣ್ಣ ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಘಟಕ ನೇಯುವುದು ಬಿಳಿ ಒಡಲು, ಮೆರೂನ್ ದಡಿಯ ಹತ್ತಿ ಸೀರೆ. ದಡಿಗೆ ಬೇಕಾದ ಬಣ್ಣದ ನೂಲನ್ನು ಬೇರೊಂದು ಊರಿನ ಡೈಯಿಂಗ್ ಘಟಕದಿಂದ ತರಿಸುತ್ತದೆ. ಜೂನ್ 3ರಂದು 200 ಕೆಜಿ ನೂಲು ಬಂತು: 4 ಚೀಲ, ಒಂದೊಂದರಲ್ಲಿ 40 ಕೋನ್, ಒಂದು ಕೋನ್ ಒಂದೂಕಾಲು ಕೆಜಿ. ದರ ಕೆಜಿಗೆ ₹450. ಎರಡು ಚೀಲಗಳ ಮೇಲೆ ಲಾಟ್ 117, ಇನ್ನೆರಡರ ಮೇಲೆ ಲಾಟ್ 118 ಎಂಬ ಚೀಟಿ. ಒಂದೇ ಬಣ್ಣ, ಒಂದೇ ಬಿಲ್ಲು. ಆದರೆ ಲಾಟ್ ನಂಬರ್ ಬೇರೆ ಎಂದರೆ ಬಣ್ಣದ ಪಾತ್ರೆಗೆ ಇಳಿದದ್ದು ಬೇರೆ ಬೇರೆ ಸಲ ಎಂದರ್ಥ. ಈ ಕತೆಯ ತಿರುಳು ಆ ಚೀಟಿಯಲ್ಲೇ ಇದೆ.

ಮೊದಲು 118ರ ಒಂದು ಚೀಲ ಬಿಚ್ಚಿ 10 ಕೋನ್ ಹಾಸಿಗೆ ಹಾಕಿದರು. ಐವತ್ತು ಸೀರೆ ಮಗ್ಗದಿಂದ ಇಳಿದವು. ಜೂನ್ 11ರಂದು ಅವುಗಳಲ್ಲಿ ಒಂದನ್ನು ಸೋಪಿನ ನೀರಿನಲ್ಲಿ ಅದ್ದಿದಾಗ ದಡಿಯ ಪಕ್ಕದ ಬಿಳಿ ಬಟ್ಟೆ ಗುಲಾಬಿಯಾಯಿತು.

ಇದು ಕಣ್ಣಿಗೆ ಬೀಳುವ ದೋಷವಲ್ಲ. ಚೀಲ ಬಿಚ್ಚಿದಾಗ ಎರಡು ಲಾಟುಗಳ ಬಣ್ಣವೂ ಒಂದೇ, ಹೊಳಪೂ ಒಂದೇ. ಹತ್ತಿಗೆ ಸಾಮಾನ್ಯವಾಗಿ ಹಾಕುವ ರಿಯಾಕ್ಟಿವ್ ಬಣ್ಣ ಕ್ಷಾರದ ಸಹಾಯದಿಂದ ನೂಲಿನ ನಾರಿಗೇ ರಾಸಾಯನಿಕವಾಗಿ ಅಂಟಿಕೊಳ್ಳುತ್ತದೆ. ಆದರೆ ಹಾಕಿದ ಬಣ್ಣವೆಲ್ಲ ಹಾಗೆ ಅಂಟುವುದಿಲ್ಲ. ಒಂದು ಪಾಲು ನಾರಿನ ಬದಲು ನೀರಿನ ಜೊತೆಯೇ ಕೂಡಿ, ನೂಲಿನೊಳಗೆ ಸುಮ್ಮನೆ ಕುಳಿತಿರುತ್ತದೆ. ಬಣ್ಣ ಹಾಕಿದ ಮೇಲೆ ಕುದಿಯುವಷ್ಟು ಬಿಸಿಯ ಸೋಪಿನ ನೀರಿನಲ್ಲಿ ನೂಲನ್ನು ಮತ್ತೆ ಮತ್ತೆ ತೊಳೆಯುವುದು ಈ ಸಡಿಲ ಬಣ್ಣವನ್ನು ಹೊರಹಾಕಲಿಕ್ಕೆ. ನೀರು, ಉರುವಲು ಅಥವಾ ಸಮಯ ಉಳಿಸಲು ಒಂದು ತೊಳೆತ ತಪ್ಪಿಸಿದರೂ ನೂಲು ಚೆಂದವಾಗಿಯೇ ಕಾಣುತ್ತದೆ. ದೋಷ ಬಯಲಾಗುವುದು ಸೀರೆ ಉಟ್ಟವರ ಮನೆಯ ಬಕೆಟ್ಟಿನಲ್ಲಿ. ಮೆರೂನ್, ಕಡುಗೆಂಪಿನಂಥ ಗಾಢ ಬಣ್ಣಗಳಲ್ಲಿ ಇದು ಹೆಚ್ಚು, ಏಕೆಂದರೆ ಅಲ್ಲಿ ಹಾಕುವ ಬಣ್ಣವೂ ಹೆಚ್ಚು, ಅಂಟದೆ ಉಳಿಯುವುದೂ ಹೆಚ್ಚು.

ದೋಷ ಕಂಡ ಕೂಡಲೇ ಆಗಬೇಕಾದ ಮೊದಲ ಕೆಲಸ ಮಗ್ಗ ನಿಲ್ಲಿಸುವುದು. ದೋಷ ಗೊತ್ತಾದ ಮೇಲೂ ಅದೇ ನೂಲನ್ನು ನೇಯುತ್ತ ಹೋದರೆ ಮಾಲನ್ನು ಒಪ್ಪಿಕೊಂಡಂತೆ. 1930ರ ಸರಕು ಮಾರಾಟ ಕಾಯ್ದೆಯ 42ನೇ ಕಲಂ ಪ್ರಕಾರ, ಕೊಂಡವರು ಸರಕನ್ನು ತಮ್ಮದೇ ಎಂಬಂತೆ ಬಳಸಿದರೆ, ಇಲ್ಲವೇ ತಿರಸ್ಕರಿಸುವ ವಿಷಯ ತಿಳಿಸದೆ ತಕ್ಕ ಕಾಲ ಮೀರಿ ಇಟ್ಟುಕೊಂಡರೆ, ಅದನ್ನು ಸ್ವೀಕರಿಸಿದ್ದಾರೆ ಎಂದೇ ಲೆಕ್ಕ. ಸ್ವೀಕರಿಸಿದ ಮೇಲೆ ಸಾಮಾನ್ಯವಾಗಿ ಉಳಿಯುವುದು ಬೆಲೆ ಇಳಿಸಿ ಎಂದೋ ನಷ್ಟ ತುಂಬಿಕೊಡಿ ಎಂದೋ ಕೇಳುವ ಹಕ್ಕು. ಮಾಲು ವಾಪಸು ತೆಗೆದುಕೊಳ್ಳಿ ಎನ್ನುವ ಮಾತಿಗೆ ಬಲ ಕುಗ್ಗುತ್ತದೆ. ಆದ್ದರಿಂದ ಉಳಿದ 70 ಕೋನ್‌ಗಳನ್ನು ಅವೇ ಚೀಲಗಳಿಗೆ ತುಂಬಿ, ಚೀಟಿ ಕೀಳದೆ, ಬೇರೆ ಮೂಲೆಯಲ್ಲಿಟ್ಟು, ‘ಬಳಸಬಾರದು’ ಎಂದು ಬರೆದು ಹಾಕಬೇಕು. ಈ ಹಂತದಲ್ಲಿ ತುಂಬ ಸಲ ಆಗುವ ಅನಾಹುತ ಒಂದಿದೆ: ಕೆಲಸದವರು ಜಾಗ ಖಾಲಿ ಮಾಡಲೆಂದು ಎರಡು ಲಾಟಿನ ಕೋನ್‌ಗಳನ್ನು ಒಂದೇ ಚೀಲಕ್ಕೆ ತುಂಬಿ, ಹರಿದ ಚೀಲವನ್ನು ಚೀಟಿಯ ಸಮೇತ ಹೊರಗೆ ಎಸೆಯುತ್ತಾರೆ. ಅಲ್ಲಿಗೆ ದೂರಿನ ಅರ್ಧ ಬಲ ಹೋಯಿತು.

ಎರಡನೆಯ ಕೆಲಸ ಪರೀಕ್ಷೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಸರಬರಾಜುದಾರರ ಮೊದಲ ಉತ್ತರ ಏನಿರುತ್ತದೆ ಎಂಬುದು ಈ ದಂಧೆಯಲ್ಲಿ ಎಲ್ಲರಿಗೂ ಗೊತ್ತು. ಫೋನ್ ಮಾಡಿದರೆ ಆ ಕಡೆಯಿಂದ ಬರುವ ಮಾತು ಇಷ್ಟೇ: “ನಿಮ್ಮ ಕಡೆ ನೀರು ಸವಳು ಅದಾವರೀ, ಸೋಪು ಬ್ಯಾರೆ ಖಾರ. ನಮ್ಮ ಬಣ್ಣ ಹಂಗ ಬಿಡೂದಿಲ್ಲ.” ಈ ಮಾತು ಸುಳ್ಳೇ ಆಗಿರಬೇಕೆಂದಿಲ್ಲ. ನೀರು, ಸೋಪು, ಬಿಸಿ ಮೂರೂ ಬಣ್ಣದ ಮೇಲೆ ಕೆಲಸ ಮಾಡುತ್ತವೆ. ಹಾಗಾಗಿ ಕೆಟ್ಟ ಸೀರೆಯ ಫೋಟೋ ಒಂದನ್ನೇ ಕಳಿಸಿದರೆ ಈ ಆಕ್ಷೇಪಕ್ಕೆ ಉತ್ತರ ಸಿಗುವುದಿಲ್ಲ. ಉತ್ತರ ಸಿಗುವುದು ಲಾಟ್ 117ರಿಂದ.

ಎರಡು ಒಂದೇ ಬಗೆಯ ಪಾತ್ರೆ ತೆಗೆದುಕೊಂಡು, ಒಂದೇ ನಲ್ಲಿಯ ನೀರನ್ನು ಒಂದೊಂದು ಲೀಟರ್ ಅಳೆದು, ಎರಡಕ್ಕೂ 5 ಗ್ರಾಂ ಸೋಪು ಕರಗಿಸಿ, 40 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಬೇಕು. ಒಂದರಲ್ಲಿ 117ರ ನೂಲಿನ ಸಣ್ಣ ಸಿಂಬಿ, ಇನ್ನೊಂದರಲ್ಲಿ ಅಷ್ಟೇ ತೂಕದ 118ರ ಸಿಂಬಿ. ಎರಡಕ್ಕೂ ಒಂದೇ ಥಾನಿನಿಂದ ಕತ್ತರಿಸಿದ ಬಿಳಿ ಹತ್ತಿ ಬಟ್ಟೆಯ ತುಂಡನ್ನು ಸುತ್ತಿ ಹೊಲಿದಿರಬೇಕು. ಅರ್ಧ ಗಂಟೆ ಆಗಾಗ ಕಲಕಿ, ತೆಗೆದು, ತಣ್ಣೀರಿನಲ್ಲಿ ಜಾಲಿಸಿ, ಬಿಚ್ಚಿ, ಬೇರೆ ಬೇರೆ ಒಣಗಿಸಬೇಕು. ಉದಾಹರಣೆಯ ಘಟಕದಲ್ಲಿ 117ರ ಜೊತೆಗಿದ್ದ ಬಟ್ಟೆ ಬೆಳ್ಳಗೆ ಉಳಿಯಿತು, 118ರ ಜೊತೆಗಿದ್ದದ್ದು ದಾಳಿಂಬೆ ಹೂವಿನ ನೀರು ಚೆಲ್ಲಿದಂತೆ ಕೆಂಪಾಯಿತು. ನೀರು ಒಂದೇ, ಸೋಪು ಒಂದೇ, ಬಿಸಿ ಒಂದೇ. ಬೇರೆ ಇದ್ದದ್ದು ಲಾಟು ಮಾತ್ರ. ಈ ಎರಡು ಬಟ್ಟೆ ತುಂಡುಗಳು ಹತ್ತು ಪುಟದ ವಾದಕ್ಕಿಂತ ಹೆಚ್ಚು ಹೇಳುತ್ತವೆ.

ಮನೆಯಲ್ಲಿ ಮಾಡಿದ ಈ ಪರೀಕ್ಷೆ ಪತ್ರ ಬರೆಯಲು ಸಾಕು, ಜಗಳ ಮುಗಿಸಲು ಸಾಕಾಗದಿರಬಹುದು. ಅದಕ್ಕೆ ಪ್ರಯೋಗಾಲಯವಿದೆ. ಬೆಂಗಳೂರಿನ ಟೆಕ್ಸ್‌ಟೈಲ್ಸ್ ಕಮಿಟಿಯ ಪ್ರಯೋಗಾಲಯ, ಕೊಯಮತ್ತೂರಿನ ಸಿಟ್ರಾ ಸಂಸ್ಥೆಯಂಥ ಕಡೆ ತೊಳೆತಕ್ಕೆ ಬಣ್ಣ ಎಷ್ಟು ಗಟ್ಟಿ ಎಂಬುದನ್ನು ಅಳೆದು, 1ರಿಂದ 5ರವರೆಗಿನ ಅಂಕ ಕೊಡುತ್ತಾರೆ. 5 ಎಂದರೆ ಬಣ್ಣ ಸ್ವಲ್ಪವೂ ಹತ್ತಿಲ್ಲ, 1 ಎಂದರೆ ತೀರಾ ಕೆಟ್ಟದ್ದು. ಈ ಅಂಕಕ್ಕೆ ನಿಜವಾದ ಬೆಲೆ ಬರುವುದು ಖರೀದಿ ಆದೇಶದಲ್ಲೇ ‘ತೊಳೆತದ ಅಂಕ 4ಕ್ಕಿಂತ ಕಡಿಮೆ ಇರಬಾರದು’ ಎಂದು ಬರೆದಿದ್ದರೆ. ಬರೆಯದಿದ್ದರೂ ದಾರಿ ಮುಚ್ಚಿಲ್ಲ. ಸೀರೆ ನೇಯಲು ಎಂದು ಹೇಳಿಯೇ, ಅದೇ ಕಸುಬಿನವರಿಂದ ಕೊಂಡ ನೂಲು ಆ ಕೆಲಸಕ್ಕೆ ತಕ್ಕದ್ದಾಗಿರಬೇಕು ಎಂಬುದು ಅದೇ ಕಾಯ್ದೆಯ 16ನೇ ಕಲಂನ ಆಶಯ. ಆದರೆ ಬರೆದ ಒಂದು ಸಾಲು ಕಲಂನ ವ್ಯಾಖ್ಯಾನಕ್ಕಿಂತ ಬೇಗ ಕೆಲಸ ಮಾಡುತ್ತದೆ.

ಫೋಟೋಗಳ ವಿಷಯದಲ್ಲಿ ಒಂದೇ ನಿಯಮ: ದೋಷ ಮತ್ತು ಲಾಟ್ ಚೀಟಿ ಒಂದೇ ಚಿತ್ರದಲ್ಲಿ ಇರಬೇಕು. ದೂರದಿಂದ ಚೀಲ, ಹತ್ತಿರದಿಂದ ಚೀಟಿ, ಆಮೇಲೆ ಚೀಟಿಯ ಪಕ್ಕದಲ್ಲೇ ಇಟ್ಟ ಎರಡು ಬಟ್ಟೆ ತುಂಡು. ಗುಲಾಬಿಯಾದ ಸೀರೆಯ ಚಿತ್ರ ಮನಸ್ಸಿಗೆ ನಾಟುತ್ತದೆ ನಿಜ, ಆದರೆ ಅದು ಯಾವ ನೂಲಿನಿಂದ ನೇಯ್ದದ್ದು ಎಂದು ಆ ಚಿತ್ರ ಹೇಳುವುದಿಲ್ಲ. ಜೊತೆಗೆ 118ರ ಮೂರು ಕೋನ್‌ಗಳನ್ನು ಬೇರೆ ಬೇರೆ ಚೀಲದಲ್ಲಿ ಕಟ್ಟಿ, ಮೇಲೆ ದಿನಾಂಕ ಹಾಕಿ, ಇಬ್ಬರ ಸಹಿ ಮಾಡಿಸಿಡುವುದು ಒಳ್ಳೆಯ ರೂಢಿ: ಒಂದು ಸರಬರಾಜುದಾರರಿಗೆ, ಒಂದು ಪ್ರಯೋಗಾಲಯಕ್ಕೆ, ಒಂದು ತಮ್ಮಲ್ಲೇ.

ಇಷ್ಟಾದ ಮೇಲೆ ಪತ್ರ. ಉದಾಹರಣೆಯ ಘಟಕ ಜೂನ್ 12ರಂದು ಬರೆಯಬೇಕಾದ ಪತ್ರ ಹೀಗಿರುತ್ತದೆ:

ವಿಷಯ: ಲಾಟ್ 118ರ ಮೆರೂನ್ ನೂಲು ತೊಳೆದಾಗ ಬಣ್ಣ ಬಿಡುತ್ತಿರುವ ಬಗ್ಗೆ, ಬದಲಿ ಮಾಲು ಅಥವಾ ಕ್ರೆಡಿಟ್ ನೋಟ್ ಕೋರಿಕೆ.
ಉಲ್ಲೇಖ: ನಮ್ಮ ಖರೀದಿ ಆದೇಶದ ಸಂಖ್ಯೆ ಮತ್ತು ದಿನಾಂಕ, ನಿಮ್ಮ ಬಿಲ್ಲಿನ ಸಂಖ್ಯೆ ಮತ್ತು ದಿನಾಂಕ.

ಮಾನ್ಯರೇ,

ಮೇಲಿನ ಬಿಲ್ಲಿನ 200 ಕೆಜಿ ಮೆರೂನ್ ಹತ್ತಿ ನೂಲು ಜೂನ್ 3ರಂದು ನಮಗೆ ತಲುಪಿದೆ. ಇದರಲ್ಲಿ ಲಾಟ್ 117ರ 100 ಕೆಜಿ ಸರಿಯಾಗಿದೆ. ಅದರ ಬಗ್ಗೆ ನಮ್ಮ ತಕರಾರಿಲ್ಲ.

ಲಾಟ್ 118ರ 100 ಕೆಜಿಯಲ್ಲಿ 10 ಕೋನ್ (12.5 ಕೆಜಿ) ಬಳಸಿ 50 ಸೀರೆ ನೇಯ್ದಿದ್ದೇವೆ. ಜೂನ್ 11ರಂದು ಸೀರೆಯೊಂದನ್ನು ತೊಳೆದಾಗ ದಡಿಯ ಬಣ್ಣ ಬಿಳಿ ಒಡಲಿಗೆ ಹತ್ತಿತು. ಅದೇ ದಿನ ಎರಡೂ ಲಾಟುಗಳನ್ನು ಒಂದೇ ನೀರು, ಒಂದೇ ಸೋಪಿನಲ್ಲಿ 40 ಡಿಗ್ರಿಯಲ್ಲಿ ಅರ್ಧ ಗಂಟೆ ಪರೀಕ್ಷಿಸಿದೆವು. 117 ಬಣ್ಣ ಬಿಟ್ಟಿಲ್ಲ, 118 ಬಿಟ್ಟಿದೆ. ಖರೀದಿ ಆದೇಶದಲ್ಲಿ ತೊಳೆತದ ಅಂಕ ಕನಿಷ್ಠ 4 ಎಂದು ಒಪ್ಪಿಗೆಯಾಗಿದೆ. ಸೀಲು ಮಾಡಿದ ಒಂದು ಕೋನನ್ನು ಪ್ರಯೋಗಾಲಯಕ್ಕೆ ಕಳಿಸಿದ್ದು, ವರದಿ ಬಂದ ಕೂಡಲೇ ನಿಮಗೆ ಕಳಿಸುತ್ತೇವೆ.

ಲಾಟ್ 118ರ ಬಳಸದ 70 ಕೋನ್‌ಗಳನ್ನು (87.5 ಕೆಜಿ) ನಾವು ಸ್ವೀಕರಿಸುತ್ತಿಲ್ಲ. ಅವುಗಳಲ್ಲಿ ಮೂರನ್ನು ಮಾದರಿಗಾಗಿ ಸೀಲು ಮಾಡಿದ್ದೇವೆ. ಉಳಿದವು ಚೀಟಿಯ ಸಮೇತ ನಮ್ಮ ಗೋದಾಮಿನಲ್ಲಿವೆ. ಜೂನ್ 17ರೊಳಗೆ ನಿಮ್ಮವರು ಯಾವಾಗ ಬಂದರೂ ನೋಡಬಹುದು.

ನಮ್ಮ ಕೋರಿಕೆ: 87.5 ಕೆಜಿಗೆ ಬದಲಾಗಿ ಹೊಸ ಲಾಟಿನ ನೂಲನ್ನು ಜೂನ್ 22ರೊಳಗೆ ತಲುಪಿಸಬೇಕು. ಕಳಿಸುವ ಮೊದಲು ಆ ಲಾಟಿನ ಒಂದು ಕೋನ್ ಪರೀಕ್ಷೆಗೆ ಕೊಡಬೇಕು. ಅದು ಸಾಧ್ಯವಿಲ್ಲದಿದ್ದರೆ ₹39,375 ಮತ್ತು 5% ಜಿಎಸ್‌ಟಿ ₹1,968.75, ಒಟ್ಟು ₹41,343.75ಕ್ಕೆ ಕ್ರೆಡಿಟ್ ನೋಟ್ ಕೊಡಬೇಕು. ಬಳಸಿಹೋದ 12.5 ಕೆಜಿಯ ಬೆಲೆ ಜಿಎಸ್‌ಟಿ ಸೇರಿ ₹5,906.25ಕ್ಕೆ ಎರಡೂ ಸಂದರ್ಭದಲ್ಲಿ ಕ್ರೆಡಿಟ್ ನೋಟ್ ಬೇಕು. 50 ಸೀರೆಗಳ ನಷ್ಟದ ಲೆಕ್ಕವನ್ನು ಬೇರೆ ಪತ್ರದಲ್ಲಿ ಕಳಿಸುತ್ತೇವೆ.

ಲಾಟ್ 117ರ ಹಣ ₹47,250 ಒಪ್ಪಿದ ದಿನಾಂಕಕ್ಕೆ ಸಂದಾಯವಾಗುತ್ತದೆ.

ಅಡಕ: ಬಿಲ್ಲಿನ ಪ್ರತಿ, ಖರೀದಿ ಆದೇಶದ ಪ್ರತಿ, ಆರು ಫೋಟೋ, ಎರಡು ಬಟ್ಟೆ ತುಂಡು, ಸೀಲು ಮಾಡಿದ ಒಂದು ಕೋನ್.

ಪತ್ರದಲ್ಲಿ ಸಿಟ್ಟಿನ ಮಾತು ಒಂದೂ ಇಲ್ಲ, ವಿನಂತಿಯ ಗೋಗರೆತವೂ ಇಲ್ಲ. ಲಾಟ್ 117 ಚೆನ್ನಾಗಿದೆ ಎಂದು ಮೊದಲೇ ಒಪ್ಪಿಕೊಂಡದ್ದು ಔದಾರ್ಯಕ್ಕಲ್ಲ. ಎಲ್ಲ ಮಾಲೂ ಹಾಳು ಎಂದು ಬರೆದಿದ್ದರೆ, ಸರಬರಾಜುದಾರರು ಒಳ್ಳೆಯ ಒಂದು ಕೋನ್ ತೋರಿಸಿ ಇಡೀ ದೂರನ್ನು ತಳ್ಳಿಹಾಕಬಹುದಿತ್ತು. ದೋಷ ಏಕೆ ಆಯಿತು ಎಂಬ ಊಹೆಯೂ ಪತ್ರದಲ್ಲಿಲ್ಲ. ತೊಳೆತ ತಪ್ಪಿಸಿದ್ದಾರೆ ಎಂಬ ಗುಮಾನಿ ನಿಜವೇ ಇರಬಹುದು, ಆದರೆ ಅದನ್ನು ಸಾಬೀತು ಮಾಡುವ ದಾಖಲೆ ಇರುವುದು ಆ ಕಡೆ. ಬರೆದ ಊಹೆ ತಪ್ಪೆಂದು ತೋರಿಸಿದರೆ ಸರಿಯಾದ ಮಾತುಗಳೂ ಅದರ ಜೊತೆ ಬಿದ್ದುಹೋಗುತ್ತವೆ. ಇನ್ನು ‘ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂಬ ಸಾಲು ಸರ್ಕಾರಿ ಅರ್ಜಿಗಳಿಂದ ಬಂದ ಅಭ್ಯಾಸ. ಇಲ್ಲಿ ಅದರಿಂದ ಏನೂ ಸಿಗದು. ಎಷ್ಟು ಕೆಜಿ, ಎಷ್ಟು ರೂಪಾಯಿ, ಯಾವ ದಿನದೊಳಗೆ ಎಂದು ಬರೆದರೆ ಆ ಕಡೆಯವರು ಹೌದು ಅಥವಾ ಇಲ್ಲ ಎನ್ನಲೇಬೇಕಾಗುತ್ತದೆ.

ಬಳಸದ ನೂಲು ಮತ್ತು ಬಳಸಿದ ನೂಲನ್ನು ಬೇರೆ ಮಾಡಿ ಕೇಳಿದ್ದಕ್ಕೂ ಕಾರಣವಿದೆ. ಬಳಸದಿರುವುದನ್ನು ತಿರಸ್ಕರಿಸಬಹುದು, ಸೀರೆಯಾಗಿಹೋದ ನೂಲನ್ನು ವಾಪಸು ಕೊಡಲಾಗದು, ಅದರ ಬೆಲೆ ಮಾತ್ರ ಕೇಳಬಹುದು. ಸೀರೆಗಳ ನಷ್ಟ ಮೂರನೆಯದು, ಎಲ್ಲಕ್ಕಿಂತ ಹೆಚ್ಚು ವಾದ ಎಬ್ಬಿಸುವಂಥದ್ದು. ಬಿಳಿ ನೂಲಿನ ಬೆಲೆ, ನೇಯ್ಗೆಯ ಕೂಲಿ, ಕಡಿಮೆ ಬೆಲೆಗೆ ಮಾರಿದ್ದರ ವ್ಯತ್ಯಾಸ ಇವೆಲ್ಲ ಅದರಲ್ಲಿ ಬರುತ್ತವೆ. ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ನೇಯ್ದ ಮೇಲೆ ಜವಾಬ್ದಾರಿಯಿಲ್ಲ’ ಎಂಬ ಷರತ್ತು ಇರುವುದೂ ಉಂಟು. ಈ ಲೆಕ್ಕವನ್ನು ಮೊದಲ ಪತ್ರಕ್ಕೇ ಸೇರಿಸಿದರೆ ಸುಲಭವಾಗಿ ಬರಬೇಕಾದ ಬದಲಿ ನೂಲು ಕೂಡ ಆ ವಾದ ಮುಗಿಯುವವರೆಗೆ ನಿಂತುಬಿಡುತ್ತದೆ.

ಪತ್ರ ಜೂನ್ 18ರೊಳಗೆ ಹೋಗಬೇಕಾದ್ದಕ್ಕೆ ಬೇರೊಂದು ಕಾರಣವೂ ಉಂಟು. ಡೈಯಿಂಗ್ ಘಟಕ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಅನ್ವಯಿಸುತ್ತದೆ. ಮಾಲು ತಲುಪಿದ 15 ದಿನಗಳೊಳಗೆ ಬರವಣಿಗೆಯಲ್ಲಿ ಆಕ್ಷೇಪ ಎತ್ತದಿದ್ದರೆ ತಲುಪಿದ ದಿನವೇ ಸ್ವೀಕರಿಸಿದಂತೆ ಎಂದು ಅದು ಹೇಳುತ್ತದೆ. ಅಲ್ಲಿಂದ ಹಣ ಕೊಡುವ ಗಡುವು ಓಡತೊಡಗುತ್ತದೆ. ಲಿಖಿತ ಒಪ್ಪಂದವಿದ್ದರೂ ಅದು 45 ದಿನ ಮೀರುವಂತಿಲ್ಲ, ತಡವಾದರೆ ಬಡ್ಡಿ. ಆಕ್ಷೇಪ ಎತ್ತಿದ್ದರೆ ಸರಬರಾಜುದಾರರು ಅದನ್ನು ಬಗೆಹರಿಸಿದ ದಿನದಿಂದ ಲೆಕ್ಕ ಶುರು. ಕಾಯ್ದೆಯಲ್ಲಿರುವ ಪದ ‘ಬರವಣಿಗೆಯಲ್ಲಿ’ ಎಂದು. ಹತ್ತು ಸಲ ಫೋನ್ ಮಾಡಿದ್ದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಫೋನಿನಲ್ಲಿ ಮಾತಾಡುವುದು ತಪ್ಪಲ್ಲ, ಹಳೆಯ ಸಂಬಂಧವಿದ್ದಲ್ಲಿ ಮೊದಲು ಮಾತಾಡುವುದೇ ಮರ್ಯಾದೆ. ಆದರೆ ಅದೇ ದಿನ ಇಮೇಲ್ ಹೋಗಬೇಕು, ಬಟ್ಟೆ ತುಂಡು ಮತ್ತು ಕೋನ್ ಇರುವ ಕಟ್ಟು ಸ್ಪೀಡ್ ಪೋಸ್ಟಿನಲ್ಲಿ ಹೊರಡಬೇಕು. ತಕರಾರಿಲ್ಲದ ಲಾಟಿನ ಹಣ ತಡೆಯದಿರುವುದೂ ಈ ಕಾರಣಕ್ಕೇ. ಇಡೀ ಬಿಲ್ಲಿನ ಹಣ ಹಿಡಿದಿಟ್ಟರೆ ದೂರು ಕೊಟ್ಟವರೇ ಬಾಕಿದಾರರಾಗಿ ಕಾಣುತ್ತಾರೆ.

ಬದಲಿ ಮಾಲೋ ಕ್ರೆಡಿಟ್ ನೋಟೋ ಎಂಬ ಆಯ್ಕೆ ಮಗ್ಗದ ಮೇಲಿನ ಕೆಲಸವನ್ನು ನೋಡಿ ಮಾಡಬೇಕಾದದ್ದು. ಸೀರೆ ಅಂಗಡಿಗೆ ಮಾಲು ಕೊಡುವ ದಿನ ಹತ್ತಿರವಿದ್ದು, ಅದೇ ಛಾಯೆಯ ಮೆರೂನ್ ಬೇರೆ ಕಡೆ ಸಿಗದಿದ್ದರೆ ಬದಲಿ ಮಾಲೇ ಬೇಕು. ಹೊಸ ಲಾಟಿನ ಕೋನನ್ನು ಮೊದಲು ಪರೀಕ್ಷಿಸಬೇಕು ಎಂಬ ಷರತ್ತು ಆಗ ತೀರಾ ಅಗತ್ಯ, ಏಕೆಂದರೆ ಅದೇ ಲಾಟಿನ ಉಳಿದ ಚೀಲಗಳನ್ನೇ ‘ಬದಲಿ’ ಎಂದು ಕಳಿಸುವುದು ಅಪರೂಪವಲ್ಲ. ಕೆಲಸ ನಿಂತುಹೋಗಿದ್ದರೆ, ಅಥವಾ ಆ ಘಟಕದ ಮೇಲೆ ನಂಬಿಕೆ ಉಳಿಯದಿದ್ದರೆ ಕ್ರೆಡಿಟ್ ನೋಟ್ ಮೇಲು.

ಕ್ರೆಡಿಟ್ ನೋಟ್ ಎಂದರೆ, ಮೊದಲು ಕೊಟ್ಟ ಬಿಲ್ಲಿನ ಮೊತ್ತ ಇಷ್ಟು ಕಡಿಮೆಯಾಯಿತು ಎಂದು ಮಾರಿದವರು ಕೊಡುವ ಚೀಟಿ. ಕೊಂಡವರು ತಮ್ಮ ಪುಸ್ತಕದಲ್ಲಿ ಡೆಬಿಟ್ ನೋಟ್ ಬರೆದುಕೊಳ್ಳುವ ರೂಢಿಯಿದೆ, ಆದರೆ ಅದು ಬೇಡಿಕೆ ಮಾತ್ರ. ಜಿಎಸ್‌ಟಿ ಕಾಯ್ದೆಯ 34ನೇ ಕಲಂ ಪ್ರಕಾರ ತೆರಿಗೆ ಕಡಿಮೆಯಾಗುವುದು ಮಾರಿದವರು ಕ್ರೆಡಿಟ್ ನೋಟ್ ಕೊಟ್ಟು, ಅದನ್ನು ತಮ್ಮ ರಿಟರ್ನಿನಲ್ಲಿ ತೋರಿಸಿದಾಗ. ಕೊಂಡವರು ಈಗಾಗಲೇ ಪಡೆದಿದ್ದ ಅಷ್ಟು ತೆರಿಗೆಯ ಕ್ರೆಡಿಟ್ಟನ್ನು ಆಗ ವಾಪಸು ಮಾಡಬೇಕು. ಇದನ್ನು ಮರೆತರೆ ನೋಟಿಸ್ ಬರುವುದು ಕೊಂಡವರಿಗೆ. ಇದಕ್ಕೂ ಗಡುವಿದೆ: ಮಾಲು ಮಾರಿದ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು. ಅದು ದಾಟಿದರೆ ತೆರಿಗೆ ಬಿಟ್ಟು ಬೆಲೆಗೆ ಮಾತ್ರ ಕ್ರೆಡಿಟ್ ನೋಟ್ ಸಿಗಬಹುದು.

ತಿರಸ್ಕರಿಸಿದ ಮಾಲನ್ನು ಕೊಂಡವರೇ ಬಾಡಿಗೆ ಕೊಟ್ಟು ವಾಪಸು ಮುಟ್ಟಿಸಬೇಕೆಂಬ ಒತ್ತಾಯ ಕಾನೂನಿನಲ್ಲಿಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ, ಸ್ವೀಕರಿಸುತ್ತಿಲ್ಲ ಎಂದು ತಿಳಿಸಿದರೆ ಸಾಕು ಎಂದು ಸರಕು ಮಾರಾಟ ಕಾಯ್ದೆಯ 43ನೇ ಕಲಂ ಹೇಳುತ್ತದೆ. ಸಿಟ್ಟಿನಲ್ಲಿ ಎಲ್ಲ ಚೀಲಗಳನ್ನೂ ಅಂದೇ ಲಾರಿಗೆ ಏರಿಸಿ ಕಳಿಸುವುದು ದೊಡ್ಡ ತಪ್ಪು. ಮಾಲು ಆ ಕಡೆಯ ಗೋದಾಮು ಸೇರಿದ ಮೇಲೆ ಯಾವ ಲಾಟು, ಎಷ್ಟು ತೂಕ ಎಂಬುದೆಲ್ಲ ಅವರ ಮಾತಾಗುತ್ತದೆ. ಅವರ ಕಡೆಯವರು ಬಂದು, ಕೋನ್ ಎಣಿಸಿ, ಕಣ್ಣೆದುರೇ ಬಟ್ಟೆ ತುಂಡಿನ ಪರೀಕ್ಷೆ ಮಾಡಿ ನೋಡಿ, ಒಂದು ಹಾಳೆಯ ಮೇಲೆ ಸಹಿ ಹಾಕಿದ ಬಳಿಕ ಡೆಲಿವರಿ ಚಲನ್ ಜೊತೆ ಕಳಿಸುವುದು ಸರಿಯಾದ ಕ್ರಮ.

ಹೇಳಿದ ದಿನಕ್ಕೆ ಉತ್ತರ ಬಾರದಿದ್ದರೆ ಎರಡನೆಯ ಪತ್ರ, ಪ್ರಯೋಗಾಲಯದ ವರದಿಯ ಜೊತೆ, ಇನ್ನೂ ಚಿಕ್ಕದಾಗಿ. ಆಮೇಲೆ ವಕೀಲರ ನೋಟಿಸ್. ಸೀರೆಗಳ ನಷ್ಟಕ್ಕಾಗಿ ಸಿವಿಲ್ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಮಿತಿಯಿದೆ. ಆದರೆ ಎರಡು ಬಟ್ಟೆ ತುಂಡು ಮೇಜಿನ ಮೇಲಿದ್ದಾಗ ಹೆಚ್ಚಿನ ತಕರಾರುಗಳು ಅಲ್ಲಿಯವರೆಗೆ ಹೋಗಬೇಕಾಗಿಲ್ಲ.

ಕ್ರೆಡಿಟ್ ನೋಟ್ ಕೈಗೆ ಬಂದಾಗ ಅದರ ಮೇಲೆ ಹಳೆಯ ಬಿಲ್ಲಿನ ಸಂಖ್ಯೆ, ತೂಕ, ಬೆಲೆ, ತೆರಿಗೆ ನಾಲ್ಕೂ ಸರಿಯಿವೆಯೇ ಎಂದು ನೋಡಿ, ಆ ತಿಂಗಳ ಜಿಎಸ್‌ಟಿ ಪೋರ್ಟಲಿನಲ್ಲಿ ಅದು ಕಾಣಿಸುತ್ತದೆಯೇ ಎಂದೂ ನೋಡಬೇಕು. ತಮ್ಮಲ್ಲಿಟ್ಟುಕೊಂಡ ಆ ಸೀಲು ಮಾಡಿದ ಕೋನನ್ನು ಅಲ್ಲಿಯವರೆಗೆ ಬಿಚ್ಚಬಾರದು.